ವಿಳಾಸ ಬರೆಯದೆಯೂ ಸಿಗುವ ಮನೆ

ತಮ್ಮ ಮನೆಯ ವಿಳಾಸವನ್ನು ಯಾರೂ ಇನ್‌ಸ್ಟಾಗ್ರಾಮಿನಲ್ಲಿ ಬರೆದು ಹಾಕುವುದಿಲ್ಲ. ಹಾಗಿದ್ದೂ ವಿಳಾಸ ಹೊರಗೆ ಹೋಗುತ್ತದೆ, ಅದೂ ನಮ್ಮ ಕೈಯಿಂದಲೇ. 2019ರ ಸೆಪ್ಟೆಂಬರಿನಲ್ಲಿ ಟೋಕಿಯೊದ ಯುವ ಗಾಯಕಿಯೊಬ್ಬರ ಮೇಲೆ ಅವರ ಮನೆಯ ಬಳಿಯೇ ಹಲ್ಲೆ ನಡೆಯಿತು. ಮನೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಸಿಕ್ಕಿಬಿದ್ದ ಅಭಿಮಾನಿ ಪೊಲೀಸರಿಗೆ ಕೊಟ್ಟ ಉತ್ತರ ಜಗತ್ತಿನಾದ್ಯಂತ ಸುದ್ದಿಯಾಯಿತು. ಆಕೆ ಹಾಕಿದ್ದ ಸೆಲ್ಫಿಯನ್ನು ಹಿಗ್ಗಿಸಿ, ಕಣ್ಣಿನ ಪಾಪೆಯಲ್ಲಿ ಮೂಡಿದ್ದ ರೈಲು ನಿಲ್ದಾಣದ ಪ್ರತಿಬಿಂಬವನ್ನು ಗೂಗಲ್ ಸ್ಟ್ರೀಟ್ ವ್ಯೂ ಜೊತೆ ಹೋಲಿಸಿದ್ದ.

ಕಣ್ಣಿನ ಪಾಪೆಯ ಕಥೆ ಪತ್ತೇದಾರಿ ಕಾದಂಬರಿಯಂತಿದೆ. ಅದಕ್ಕೇ ಎಲ್ಲರಿಗೂ ಅದೊಂದೇ ನೆನಪುಳಿದಿದೆ. ಅವನು ಹೇಳಿದ ಇನ್ನೊಂದು ಮಾತು ನಮಗೆ ಹೆಚ್ಚು ಹತ್ತಿರದ್ದು. ಆಕೆ ಮನೆಯೊಳಗೆ ಮಾಡಿದ ವಿಡಿಯೊಗಳಲ್ಲಿ ಪರದೆ ಎಲ್ಲಿದೆ, ಕಿಟಕಿಯಿಂದ ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದನ್ನೂ ಅವನು ಗಮನಿಸುತ್ತ ಹೋಗಿದ್ದ. ಇದಕ್ಕೆ ಒಳ್ಳೆಯ ಕ್ಯಾಮೆರಾ ಬೇಕಿಲ್ಲ, ತಾಂತ್ರಿಕ ಜ್ಞಾನವೂ ಬೇಕಿಲ್ಲ. ಬೇಕಾದದ್ದು ಬಿಡುವು, ಮತ್ತು ಒಂದೇ ಮನೆಯಲ್ಲಿ ಮಾಡಿದ ಹತ್ತಾರು ವಿಡಿಯೊ. ವರ್ಷಕ್ಕೊಮ್ಮೆ ಫೋಟೊ ಹಾಕುವವರಿಗಿಲ್ಲದ ತೊಂದರೆ ನಿತ್ಯ ಹಾಕುವವರಿಗೆ ಇರುವುದು ಇಲ್ಲೇ. ಒಂದು ಪೋಸ್ಟಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೂರು ಪೋಸ್ಟುಗಳನ್ನು ಸಾಲಾಗಿ ಕೂತು ನೋಡಿದವನಿಗೆ ಬಹಳಷ್ಟು ತಿಳಿಯುತ್ತದೆ.

ಹಾಗೆ ಕೂತು ನೋಡುವವರಲ್ಲಿ ಎರಡು ಬಗೆಯವರಿದ್ದಾರೆ. ಅವರನ್ನು ಬೇರೆ ಬೇರೆಯಾಗಿ ಕಾಣದಿದ್ದರೆ ನಮ್ಮ ಎಚ್ಚರಿಕೆಯೆಲ್ಲ ತಪ್ಪು ಜಾಗದಲ್ಲಿ ಖರ್ಚಾಗುತ್ತದೆ. ಮೊದಲನೆಯವರು ನಮ್ಮನ್ನು ಬಲ್ಲವರು: ದೂರದ ನೆಂಟರು, ಹಳೆಯ ಸಹೋದ್ಯೋಗಿ, ಹಿಂದೊಮ್ಮೆ ಪೇಂಟಿಂಗ್ ಕೆಲಸಕ್ಕೆ ಬಂದಿದ್ದವರು, ಮುರಿದುಬಿದ್ದ ಸಂಬಂಧದವರು. ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತು. ಗೊತ್ತಿಲ್ಲದ್ದು ಮನೆಯಲ್ಲಿ ಯಾವಾಗ ಯಾರು ಇರುತ್ತಾರೆ ಎಂಬುದು. ಎರಡನೆಯವರು ಅಪರಿಚಿತರು. ನಾವು ಯಾವಾಗ ಎದ್ದೆವು, ಯಾವಾಗ ಜಿಮ್‌ಗೆ ಹೋದೆವು ಎಂಬುದೆಲ್ಲ ಅವರಿಗೆ ಸ್ಟೋರಿಯಲ್ಲೇ ಸಿಗುತ್ತದೆ. ಅವರಿಗೆ ಗೊತ್ತಿಲ್ಲದ್ದು ಎಲ್ಲಿ ಎಂಬುದು. ಅಂದರೆ ಬಲ್ಲವರಿಗೆ ಬೇಕಾದದ್ದು ಸಮಯ, ಅಪರಿಚಿತರಿಗೆ ಬೇಕಾದದ್ದು ಜಾಗ.

‘ಲೊಕೇಶನ್ ಹಾಕಿದ ಫೋಟೊವನ್ನು ತಡವಾಗಿ ಪೋಸ್ಟ್ ಮಾಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಒಳ್ಳೆಯ ಸಲಹೆಯೇ, ಆದರೆ ಅರ್ಧ ಸಲಹೆ. ತಡ ಮಾಡುವುದರಿಂದ ಮುಚ್ಚಿಹೋಗುವುದು ಸಮಯ ಮಾತ್ರ. ಜಾಗ ತಡವಾಗಿ ಹೇಳಿದರೂ ಜಾಗವೇ.

ಜಾಗ ಹೇಗೆ ಹೊರಬೀಳುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಬೆಂಗಳೂರಿನಲ್ಲಿ ತಾರಸಿ ತೋಟ ಮಾಡಿಕೊಂಡು ಅದರ ವಿಡಿಯೊ ಹಾಕುವ ಗೃಹಿಣಿಯೊಬ್ಬರಿದ್ದಾರೆ ಎಂದುಕೊಳ್ಳಿ. ಇವರು ನನ್ನ ಕಲ್ಪನೆಯವರು, ಆದರೆ ಇವರ ವಿಡಿಯೊಗಳಲ್ಲಿ ಇರುವುದೆಲ್ಲ ನಾವು ದಿನವೂ ಕಾಣುವಂಥದ್ದೇ. ವಾರಕ್ಕೆ ನಾಲ್ಕು ವಿಡಿಯೊ, ಸ್ವಂತ ಹೆಸರಿನಲ್ಲೇ ಚಾನೆಲ್, ಸಾವಿರಾರು ನೋಡುಗರು. ವಿಳಾಸವನ್ನು ಇವರು ಯಾರಿಗೂ ಹೇಳಿಲ್ಲ. ‘ಎಲ್ಲಿರೋದು ಅಕ್ಕಾ?’ ಎಂದು ಯಾರಾದರೂ ಕೇಳಿದರೆ ‘ಬೆಂಗಳೂರು’ ಎಂದಷ್ಟೇ ಉತ್ತರ.

ಟೊಮೆಟೊ ಕುಂಡಗಳ ಹಿಂದೆ, ನಾಲ್ಕಾರು ಮನೆಗಳಾಚೆ, ಮೆಟ್ರೊ ಹಾದುಹೋಗುತ್ತದೆ. ರೈಲಿನ ಮೇಲಿನ ಪಟ್ಟೆ ಹಸಿರು. ಬೆಂಗಳೂರು ಎಂಬ ಮಹಾನಗರ ಅಲ್ಲಿಗೆ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗಿನ ಒಂದು ಗೆರೆಯಾಯಿತು. ಗೊಬ್ಬರ ತಂದ ದಿನದ ವಿಡಿಯೊದಲ್ಲಿ ಸ್ಕೂಟರಿನ ನಂಬರ್ ಪ್ಲೇಟು ಕಾಣುತ್ತದೆ, ಕೆಎ 05. ಅದು ಜಯನಗರ ಆರ್‌ಟಿಒ. ಗಾಡಿ ಕೊಂಡ ಮೇಲೆ ಮನೆ ಬದಲಿಸಿರಬಹುದು, ಸೆಕೆಂಡ್ ಹ್ಯಾಂಡ್ ಗಾಡಿಯೂ ಇರಬಹುದು. ಹುಡುಕುವವನಿಗೆ ಖಚಿತತೆ ಬೇಕಿಲ್ಲ, ಎಲ್ಲಿಂದ ಶುರು ಮಾಡಬೇಕು ಎಂಬುದು ಗೊತ್ತಾದರೆ ಸಾಕು. ಆ ಗೆರೆಯ ದಕ್ಷಿಣದ ತುದಿಯಿಂದ ಶುರು ಮಾಡುತ್ತಾನೆ. ಬೆಳಗಿನ ವಿಡಿಯೊಗಳಲ್ಲಿ ಬಿಸಿಲು ಯಾವ ಕಡೆಯ ಕುಂಡಗಳ ಮೇಲೆ ಬೀಳುತ್ತದೆ ಎಂದು ನೋಡಿದರೆ, ಮನೆ ಹಳಿಯ ಪೂರ್ವಕ್ಕಿದೆಯೋ ಪಶ್ಚಿಮಕ್ಕೋ ಅದೂ ತಿಳಿಯುತ್ತದೆ.

ಇಷ್ಟಾದರೂ ಇನ್ನೂ ಸಾವಿರಾರು ಮನೆಗಳು ಉಳಿದಿರುತ್ತವೆ. ಅವನ್ನು ಒಂದಕ್ಕೆ ಇಳಿಸುವುದು ಮತದಾನದ ದಿನದ ಫೋಟೊ. ನಮ್ಮಲ್ಲಿ ಇದರ ಬಗ್ಗೆ ಮಾತೇ ಆಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2024ರ ಏಪ್ರಿಲ್ 26ರಂದು ಬೆಂಗಳೂರು ಲೋಕಸಭೆಗೆ ಮತ ಹಾಕಿತು. ಶಾಯಿ ಹಚ್ಚಿದ ಬೆರಳು ಎತ್ತಿ ಹಿಡಿದ ಸೆಲ್ಫಿಗಳು ಆ ದಿನ ಎಲ್ಲರ ಫೋನಿನಲ್ಲೂ ಹರಿದಾಡಿದವು. ಹಲವರು ನಿಂತದ್ದು ಮತಗಟ್ಟೆಯ ಗೇಟಿನ ಮುಂದೆ, ಹಿಂದೆ ಶಾಲೆಯ ಹೆಸರಿನ ಬೋರ್ಡು. ಮತಗಟ್ಟೆ ಎಂದರೆ ಮನೆಗೆ ಹತ್ತಿರದ ಶಾಲೆ. ಅಷ್ಟೇ ಆಗಿದ್ದರೆ ‘ಈ ಬಡಾವಣೆಯವರು’ ಎಂಬುದು ತಿಳಿಯುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಪ್ರತಿ ಮತಗಟ್ಟೆಯ ಪಟ್ಟಿಯೂ ಪಿಡಿಎಫ್ ಆಗಿ ಸಿಗುತ್ತದೆ. ಒಂದು ಮತಗಟ್ಟೆಗೆ ಸಾಮಾನ್ಯವಾಗಿ ಸಾವಿರದ ಆಸುಪಾಸಿನ ಹೆಸರು. ಪ್ರತಿ ಹೆಸರಿನ ಜೊತೆ ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು. ಒಂದೇ ಮನೆಯ ಮತದಾರರು ಪಟ್ಟಿಯಲ್ಲಿ ಸಾಮಾನ್ಯವಾಗಿ ಒಟ್ಟೊಟ್ಟಿಗೇ ಬರುತ್ತಾರೆ. ಅತ್ತೆ, ಮಾವ, ಮೈದುನ ಎಲ್ಲರೂ ಸಾಲಾಗಿ.

ಪಟ್ಟಿ ಸಾರ್ವಜನಿಕವಾಗಿರಬಾರದು ಎಂದು ನಾನು ಹೇಳುತ್ತಿಲ್ಲ. ಸತ್ತವರ ಹೆಸರು ಉಳಿದಿದೆಯೇ, ಬದುಕಿದ್ದವರ ಹೆಸರು ಬಿಟ್ಟುಹೋಗಿದೆಯೇ ಎಂದು ಯಾರು ಬೇಕಾದರೂ ಪರಿಶೀಲಿಸುವಂತಿರಬೇಕು, ಪ್ರಜಾಪ್ರಭುತ್ವಕ್ಕೆ ಅದು ಅಗತ್ಯ. ನನ್ನ ಮಾತು ಇಷ್ಟೇ: ಆ ಪಟ್ಟಿ ಇದೆ, ಆದ್ದರಿಂದ ನಮ್ಮ ಪೋಸ್ಟುಗಳು ಮನೆಯನ್ನು ತೋರಿಸಬೇಕಾದ್ದೇ ಇಲ್ಲ. ಮತಗಟ್ಟೆಯನ್ನು ತೋರಿಸಿದರೆ ಉಳಿದ ಕೆಲಸವನ್ನು ಪಟ್ಟಿಯೇ ಮಾಡುತ್ತದೆ. ನಮ್ಮ ತಾರಸಿ ತೋಟದವರ ಹೆಸರು ಚಾನೆಲಿನ ಮೇಲೇ ಇದೆ. ಸಾವಿರ ಹೆಸರಿನಲ್ಲಿ ಅದೇ ಹೆಸರಿನ ಮೂವರು ಇದ್ದಾರೆನ್ನಿ. ಮದುವೆಯ ವಾರ್ಷಿಕೋತ್ಸವದ ದಿನ ಯಜಮಾನರ ಪೂರ್ತಿ ಹೆಸರು ಬರೆದು ಶುಭ ಕೋರಿದ ಪೋಸ್ಟು ಆ ಮೂವರನ್ನು ಒಬ್ಬರಿಗೆ ಇಳಿಸುತ್ತದೆ. ಮನೆ ನಂಬರು ಪಕ್ಕದಲ್ಲೇ ಇದೆ. ಮೆಟ್ರೊ, ಸ್ಕೂಟರು, ಬೆರಳು, ಹೆಸರು: ನಾಲ್ಕು ಪೋಸ್ಟುಗಳ ನಡುವೆ ಎರಡು ವರ್ಷ ಕಳೆದಿರಬಹುದು, ಪ್ರತಿಯೊಂದನ್ನೂ ಒಂದು ತಿಂಗಳು ತಡವಾಗಿಯೇ ಹಾಕಿರಬಹುದು. ಏನೂ ವ್ಯತ್ಯಾಸವಿಲ್ಲ.

ಇವರು ಚಾನೆಲ್ ಮುಚ್ಚಬೇಕಿಲ್ಲ, ಮುಖ ಮುಚ್ಚಿಕೊಳ್ಳಬೇಕಿಲ್ಲ. ಕ್ಯಾಮೆರಾವನ್ನು ಕೊಂಚ ಕೆಳಕ್ಕೆ ಬಾಗಿಸಿ, ಅದರ ಬೆನ್ನು ಮೆಟ್ರೊ ಕಡೆಗಿರುವಂತೆ ಹಿಡಿದು, ಪ್ಯಾರಾಪೆಟ್ ಗೋಡೆಯನ್ನೇ ಹಿನ್ನೆಲೆಯಾಗಿ ಇಟ್ಟುಕೊಂಡರೆ ಮೊದಲ ಸುಳಿವು ಹೋಯಿತು. ಆ ಕಡೆಗೇ ಕ್ಯಾಮೆರಾ ಹಿಡಿಯಬೇಕೆಂದರೆ ಗೋಡೆಗೊಂದು ಹಸಿರು ನೆರಳುಬಲೆ ಕಟ್ಟಬಹುದು, ಗಿಡಕ್ಕೂ ಒಳ್ಳೆಯದು. ಶಾಯಿ ಬೆರಳಿನ ಫೋಟೊವನ್ನು ಮನೆಗೆ ಬಂದು ಖಾಲಿ ಗೋಡೆಯ ಮುಂದೆ ತೆಗೆದರೂ ಶಾಯಿ ಅಷ್ಟೇ ಕಪ್ಪಾಗಿ ಕಾಣುತ್ತದೆ. ಚಾನೆಲಿಗೆ ಪೂರ್ತಿ ಹೆಸರಿನ ಬದಲು ಮನೆಯಲ್ಲಿ ಕರೆಯುವ ಹೆಸರೋ ತೋಟದ ಹೆಸರೋ ಸಾಕು. ಗಂಡನ ಹೆಸರಿನ ವಿಷಯಕ್ಕೆ ಬಂದರೆ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದನ್ನೇ ಮಾಡಬಹುದು. ‘ನಮ್ಮವರು’ ಎಂದರೆ ಮುಗಿಯಿತು. ಆ ಪದ್ಧತಿಯ ಹಿಂದಿದ್ದ ನಂಬಿಕೆ ಬೇಡ, ಉಪಯೋಗ ಇರಲಿ.

ಹಿನ್ನೆಲೆಯ ಸದ್ದನ್ನೂ ಒಮ್ಮೆ ಕಿವಿಗೊಟ್ಟು ಕೇಳಬೇಕು. ಕಸದ ಆಟೊದ ಹಾಡು, ಶಾಲೆಯ ಪ್ರಾರ್ಥನೆ, ದೇವಸ್ಥಾನದ ಮೈಕಿನಲ್ಲಿ ಹೆಸರು ಹಿಡಿದು ಮಾಡುವ ಪ್ರಕಟಣೆ ಇವೆಲ್ಲ ರೆಕಾರ್ಡ್ ಆಗುತ್ತವೆ. ಎಡಿಟ್ ಮಾಡುವಾಗ ಮೂಲ ಧ್ವನಿ ತೆಗೆದು ಆಮೇಲೆ ಮಾತು ಸೇರಿಸುವುದು ಇದಕ್ಕೆ ಸುಲಭದ ದಾರಿ.

ಇನ್ನು ಸಮಯದ ವಿಷಯ. ಇಲ್ಲಿ ತಡ ಮಾಡುವುದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. 2016ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕರ್ಡಾಶಿಯನ್ ಅವರನ್ನು ಕಟ್ಟಿಹಾಕಿ ಕೋಟ್ಯಂತರ ರೂಪಾಯಿಯ ಒಡವೆ ದೋಚಿದ ಗುಂಪಿನ ಒಬ್ಬ, ಸಿಕ್ಕಿಬಿದ್ದ ಮೇಲೆ ಪೊಲೀಸರಿಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಒಡವೆ ಯಾವುದು, ಆಕೆ ಫ್ರಾನ್ಸಿಗೆ ಬರುವುದು ಯಾವಾಗ, ಎಲ್ಲವೂ ಇಂಟರ್‌ನೆಟ್ಟಿನಲ್ಲೇ ಇತ್ತು. ನಮ್ಮ ಊರಿನ ಕಳ್ಳತನಗಳು ಇಷ್ಟು ದೊಡ್ಡವಲ್ಲ. ಆದರೆ ಬೇಸಿಗೆ ರಜೆ ಬಂದಾಗ, ದಸರಾ ಬಂದಾಗ ‘ಊರಿಗೆ ಹೋಗುವ ವಿಷಯ ಸ್ಟೇಟಸ್‌ನಲ್ಲಿ ಹಾಕಬೇಡಿ, ಠಾಣೆಗೆ ತಿಳಿಸಿ ಹೋಗಿ’ ಎಂದು ಪೊಲೀಸರು ಹೇಳುವುದು ಇದೇ ಕಾರಣಕ್ಕೆ. ಬೀಗ ಹಾಕಿದ ಮನೆಯ ವಿಷಯದಲ್ಲಿ ಅಪಾಯ ಬರುವುದು ಅಮೆರಿಕದ ಅಪರಿಚಿತನಿಂದಲ್ಲ, ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡುವ ಪರಿಚಿತನಿಂದ, ಅಥವಾ ಅವನು ಹೇಳಿದ್ದನ್ನು ಕೇಳಿಸಿಕೊಂಡವನಿಂದ.

ಎಷ್ಟು ತಡ ಮಾಡಬೇಕು? ಗಂಟೆಗಳ ಲೆಕ್ಕ ಹಾಕುವುದಕ್ಕಿಂತ ಘಟನೆಯ ಲೆಕ್ಕ ಹಾಕುವುದು ಒಳ್ಳೆಯದು. ಹೋಟೆಲಿನಲ್ಲಿ ತಿಂಡಿ ತಿಂದ ಫೋಟೊವನ್ನು ಆ ಹೋಟೆಲು ಬಿಟ್ಟ ಮೇಲೆ ಹಾಕಿ. ಉಳಿದುಕೊಂಡ ಹೋಮ್‌ಸ್ಟೇಯ ಹೆಸರನ್ನು ಅಲ್ಲಿಂದ ಹೊರಟ ಮೇಲೆ ಹೇಳಿ. ಮನೆಗೆ ಬೀಗ ಹಾಕಿ ಹೋಗಿದ್ದೀರೆಂದರೆ ಪ್ರವಾಸದ ಯಾವ ಫೋಟೊವನ್ನೂ ಮನೆಯ ಬೀಗ ತೆಗೆದು ಒಳಗೆ ಬರುವವರೆಗೆ ಹಾಕಬೇಡಿ. ಮನೆಯಲ್ಲಿ ಹಿರಿಯರೋ ಮಕ್ಕಳೋ ಮಾತ್ರ ಇದ್ದರೂ ಇದೇ ನಿಯಮ. ಊರಿನ ಹೆಸರನ್ನು ಟ್ಯಾಗ್ ಮಾಡುವಾಗಲೂ ‘ಚಿಕ್ಕಮಗಳೂರು’ ಎಂಬಷ್ಟು ದೊಡ್ಡದಾಗಿ ಹೇಳಿದರೆ ನೋಡುವವರ ಖುಷಿಗೇನೂ ಕೊರತೆಯಿಲ್ಲ, ಎಸ್ಟೇಟಿನ ಹೆಸರು ಬೇಕಿಲ್ಲ.

ಆದರೆ ನಿತ್ಯ ಪೋಸ್ಟ್ ಮಾಡುವವರಿಗೆ ಇಲ್ಲೊಂದು ತೊಡಕಿದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಿಂದ ವಿಡಿಯೊ ಹಾಕುವವರು ಐದು ದಿನ ಸುಮ್ಮನಾದರೆ ಆ ಮೌನವೇ ಸುದ್ದಿ. ಪ್ರವಾಸದ ಒಂದು ಫೋಟೊವನ್ನೂ ಹಾಕದೆ ಅವರು ‘ಮನೆಯಲ್ಲಿಲ್ಲ’ ಎಂದು ಸಾರಿದಂತಾಯಿತು. ಇದಕ್ಕೆ ಪರಿಹಾರ ದಾಸ್ತಾನು. ಮನೆಯಲ್ಲಿ ಮಾಡಿದ ವಿಡಿಯೊಗಳಲ್ಲಿ ಐದಾರನ್ನು ಯಾವಾಗಲೂ ಕೈಯಲ್ಲಿ ಉಳಿಸಿಕೊಳ್ಳಬೇಕು. ಊರಿಗೆ ಹೊರಡುವ ಮುನ್ನ ಅವನ್ನು ಶೆಡ್ಯೂಲ್ ಮಾಡಿಟ್ಟರೆ ನಿಗದಿತ ಹೊತ್ತಿಗೆ ತಾವಾಗಿಯೇ ಪ್ರಕಟವಾಗುತ್ತವೆ. ಯೂಟ್ಯೂಬಿನಲ್ಲಿ ಈ ಸೌಲಭ್ಯ ಬಹಳ ಹಿಂದಿನಿಂದ ಇದೆ, ಇನ್‌ಸ್ಟಾಗ್ರಾಮಿನ ಪ್ರೊಫೆಷನಲ್ ಖಾತೆಗಳಲ್ಲಿ 75 ದಿನ ಮುಂಚಿತವಾಗಿಯೂ ಶೆಡ್ಯೂಲ್ ಮಾಡಬಹುದು. ಅಡುಗೆಮನೆಯ ವಿಡಿಯೊ ಪ್ರಕಟವಾಗುವಾಗ ನೀವು ಊರಲ್ಲಿರುತ್ತೀರಿ, ಊರಿನ ವಿಡಿಯೊ ಪ್ರಕಟವಾಗುವಾಗ ಅಡುಗೆಮನೆಯಲ್ಲಿರುತ್ತೀರಿ.

ಈ ಏರ್ಪಾಡು ಕೆಡುವುದು ಸಾಮಾನ್ಯವಾಗಿ ಕಮೆಂಟುಗಳಲ್ಲಿ. ‘ಅಕ್ಕಾ, ಊರಿಂದ ಬಂದ್ರಾ?’ ಎಂದು ಪಕ್ಕದ ಮನೆಯ ಹುಡುಗಿ ಕೇಳುತ್ತಾಳೆ. ‘ಇಲ್ಲ ಕಣೇ, ಭಾನುವಾರ’ ಎಂದು ನಾವು ಉತ್ತರಿಸುತ್ತೇವೆ. ‘ನಿನ್ನೆ ನಿಮ್ಮನ್ನ ಸಿಗ್ನಲ್ ಹತ್ರದ ಬೇಕರೀಲಿ ನೋಡಿದೆ ಮೇಡಂ’ ಎಂದು ಅಭಿಮಾನದಿಂದ ಬರೆಯುವವರಿದ್ದಾರೆ. ಇವರಲ್ಲಿ ಯಾರದೂ ಕೆಟ್ಟ ಉದ್ದೇಶವಲ್ಲ. ಇದಕ್ಕೊಂದು ಸಣ್ಣ ಉಪಾಯ ಇದೆ, ಬಳಸುವವರು ಕಡಿಮೆ. ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಮ್ ಎರಡರಲ್ಲೂ ಕೆಲವು ಪದಗಳನ್ನು ತಡೆಹಿಡಿಯುವ ಪಟ್ಟಿ ಮಾಡಬಹುದು, ಆ ಪದ ಇರುವ ಕಮೆಂಟು ಬೇರೆಯವರಿಗೆ ಕಾಣುವುದಿಲ್ಲ. ಬೈಗುಳ ತಡೆಯಲೆಂದು ಮಾಡಿದ ಆ ಪಟ್ಟಿಗೆ ನಿಮ್ಮ ಬಡಾವಣೆಯ ಹೆಸರು, ಮಗುವಿನ ಶಾಲೆಯ ಹೆಸರು, ಮಗುವಿನ ಹೆಸರು, ಯಜಮಾನರ ಹೆಸರು ಸೇರಿಸಿ. ಕನ್ನಡದಲ್ಲೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಜನ ತಪ್ಪಾಗಿ ಬರೆಯುವ ರೀತಿಯಲ್ಲೂ ಸೇರಿಸಿ.

ತಡ ಮಾಡಿದರೂ ಪ್ರಯೋಜನವಾಗದ ಜಾಗಗಳು ಯಾವುವು ಎಂದು ಈಗ ಊಹಿಸಬಹುದು. ಪದೇ ಪದೇ ಹೋಗುವ ಜಾಗಗಳು. ಹಂಪಿಗೆ ಹೋಗಿ ಬಂದು ವಾರದ ಮೇಲೆ ಹಂಪಿ ಎಂದು ಹಾಕಿದರೆ ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ, ನೀವು ಮತ್ತೆ ಅಲ್ಲಿಗೆ ಹೋಗುವುದು ಯಾವಾಗಲೋ. ಆದರೆ ಪ್ರತಿ ಶನಿವಾರ ಹೋಗುವ ಆಂಜನೇಯನ ಗುಡಿ, ಮಗಳ ಭರತನಾಟ್ಯದ ಕ್ಲಾಸು, ಬೆಳಗಿನ ಪಾರ್ಕು ಇವುಗಳ ಫೋಟೊವನ್ನು ಒಂದು ತಿಂಗಳ ಮೇಲೆ ಹಾಕಿದರೂ, ಮುಂದಿನ ಶನಿವಾರ ನೀವು ಅಲ್ಲಿರುತ್ತೀರಿ. ಇಂಥ ಜಾಗಗಳಿಗೆ ಲೊಕೇಶನ್ ಟ್ಯಾಗ್ ಯಾವತ್ತೂ ಬೇಡ. ಬೋರ್ಡು ಕಾಣುವಂತೆಯೂ ಬೇಡ.

ಪುನರಾವರ್ತನೆ ಎಷ್ಟು ಬಾಯಿಬಡುಕ ಎಂಬುದಕ್ಕೆ ಓಟಗಾರರ ಆ್ಯಪ್ ಸ್ಟ್ರಾವಾ ಒಳ್ಳೆಯ ಪಾಠ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್, ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ ಸಿರಿಯಾ, ಅಫ್ಘಾನಿಸ್ತಾನಗಳ ಸೇನಾ ನೆಲೆಗಳ ಆಕಾರ ಕಾಣುತ್ತಿದೆ ಎಂದು ತೋರಿಸಿದರು. ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲ, ಅದು ಆ ಕ್ಷಣದ್ದೂ ಅಲ್ಲ. ಸೈನಿಕರು ಬೆಳಗಾದರೆ ಒಂದೇ ಬೇಲಿಯ ಸುತ್ತ ಓಡುತ್ತಿದ್ದರು, ಅಷ್ಟೇ ಸಾಕಾಯಿತು. ಅದೇ ವರ್ಷ ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು. ಇಂಥ ಆ್ಯಪ್‌ಗಳಲ್ಲಿ ಮನೆಯ ಸುತ್ತ ಒಂದು ವೃತ್ತ ಎಳೆದು, ಅದರೊಳಗಿನ ಓಟದ ಭಾಗ ಯಾರಿಗೂ ಕಾಣದಂತೆ ಮಾಡುವ ಸೌಲಭ್ಯ ಇದೆ. ಒಂದು ದಿನದ ಓಟ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೇರೆ ಬೇರೆ ದಿಕ್ಕಿನಲ್ಲಿ ಓಡಿದ ಹಲವು ದಿನಗಳನ್ನು ಒಂದರ ಮೇಲೊಂದು ಇಟ್ಟರೆ, ಎಲ್ಲ ಗೆರೆಗಳೂ ಒಂದು ವೃತ್ತದ ಅಂಚಿಗೆ ಬಂದು ನಿಲ್ಲುತ್ತವೆ. ವೃತ್ತ ಸಿಕ್ಕಿದರೆ ಅದರ ನಡುವಿನ ಬಿಂದು ಹುಡುಕುವುದು ಶಾಲೆಯ ರೇಖಾಗಣಿತ. ಮುಚ್ಚಿಟ್ಟ ರೀತಿಯೇ ಮನೆಯನ್ನು ತೋರಿಸಿಕೊಟ್ಟಿತ್ತು. ಆ ಮೇಲೆ ಕಂಪನಿಗಳು ವೃತ್ತವನ್ನು ಅತ್ತಿತ್ತ ಸರಿಸುವಂಥ ಬದಲಾವಣೆ ಮಾಡಿಕೊಂಡವು. ಬೆಳಗಿನ ಓಟ, ಸೈಕಲ್ ಸವಾರಿಯ ನಕ್ಷೆ ಹಾಕುವ ಹವ್ಯಾಸ ನಮ್ಮ ನಗರಗಳಲ್ಲೂ ಬೆಳೆದಿದೆ. ಎಷ್ಟು ಕಿಲೋಮೀಟರ್ ಓಡಿದಿರಿ ಎಂದು ಹಾಕಿ, ನಕ್ಷೆಯನ್ನು ‘ನನಗೆ ಮಾತ್ರ’ ಎಂದು ಇಟ್ಟುಕೊಳ್ಳಿ. ಇಲ್ಲವೇ ಮನೆಯಿಂದ ದೂರ ನಡೆದುಹೋಗಿ ಆ್ಯಪ್ ಶುರು ಮಾಡಿ, ಪ್ರತಿ ಸಲ ಬೇರೆ ಮೂಲೆಯಿಂದ.

ಕುಟುಂಬದ ವಿವರಗಳ ವಿಷಯದಲ್ಲಿ ನಮ್ಮ ಸಮಾಜಕ್ಕೇ ವಿಶಿಷ್ಟವಾದ ಒಂದು ದಾರಿಯಿದೆ: ಆಮಂತ್ರಣ ಪತ್ರಿಕೆ. ಗೃಹಪ್ರವೇಶದ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಹೊಸ ಮನೆಯ ನಂಬರು, ಅಡ್ಡರಸ್ತೆ, ಹತ್ತಿರದ ಗುರುತು, ಫೋನ್ ನಂಬರು, ಈಗೀಗ ಗೂಗಲ್ ಮ್ಯಾಪಿನ ಕ್ಯೂಆರ್ ಕೋಡು. ನೆಂಟರಿಗೆ ಕಳಿಸಲೇಬೇಕಾದ ಪತ್ರಿಕೆ ಅದು. ಆದರೆ ಕಳಿಸುವುದು ಬೇರೆ, ಫೇಸ್‌ಬುಕ್ ಗೋಡೆಗೆ ಹಾಕುವುದು ಬೇರೆ. ಗೋಡೆಗೆ ಬೇಕಿದ್ದರೆ ತೋರಣ ಕಟ್ಟಿದ ಬಾಗಿಲಿನ ಒಳಬದಿಯ ಫೋಟೊ ಹಾಕಬಹುದು. ಹೊರಬದಿ ಬೇಡ, ಅಲ್ಲಿ ಮನೆಯ ಹೆಸರು, ನಂಬರು ಎರಡೂ ಇರುತ್ತವೆ. ಸ್ಟ್ರೀಟ್ ವ್ಯೂ 2022ರಿಂದ ಬೆಂಗಳೂರಿನ ರಸ್ತೆಗಳಿಗೂ ಬಂದಿರುವುದರಿಂದ ಮನೆಯ ಮುಂಭಾಗವನ್ನು ಹೋಲಿಸಿ ನೋಡುವುದು ಸುಲಭ. ನಿಮ್ಮ ಮನೆ ಅದರಲ್ಲಿ ಕಾಣುತ್ತಿದ್ದರೆ ಅದನ್ನು ಮಸುಕು ಮಾಡಿಸಲು ಅಲ್ಲೇ ‘Report a problem’ ಎಂಬ ದಾರಿಯಿದೆ. ಒಮ್ಮೆ ಮಸುಕು ಮಾಡಿದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ ಎಂಬುದು ನೆನಪಿರಲಿ.

ಹುಟ್ಟುಹಬ್ಬದ ಪೋಸ್ಟಿನಲ್ಲಿ ಅಪಾಯ ಕಾಣುವುದೇ ಇಲ್ಲ. ಆದರೆ ನಮ್ಮ ದೇಶದಲ್ಲಿ ಹುಟ್ಟಿದ ದಿನ ಎಂದರೆ ಅರ್ಧ ಪಾಸ್‌ವರ್ಡ್. ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಹಲವು ಬ್ಯಾಂಕುಗಳು ಕಳಿಸುವ ಸ್ಟೇಟ್‌ಮೆಂಟಿನ ಪಾಸ್‌ವರ್ಡಿಗೂ ಹೆಸರು, ಹುಟ್ಟಿದ ದಿನವೇ ಆಧಾರ. ‘ಅಪ್ಪಾಜಿಗೆ 70’ ಎಂದು ಹುಟ್ಟುಹಬ್ಬದ ದಿನವೇ ಹಾಕಿದರೆ ತಾರೀಖು, ವರ್ಷ ಎರಡೂ ಸಿಕ್ಕಿದಂತೆ. ಕೇಕ್ ಕತ್ತರಿಸಿದ ಫೋಟೊವನ್ನು ಹತ್ತು ದಿನ ಬಿಟ್ಟು, ಮೇಣದ ಬತ್ತಿಯ ಅಂಕಿ ಕಾಣದಂತೆ ಹಾಕಿದರೆ ಅಪ್ಪಾಜಿಗೇನೂ ಬೇಸರವಾಗದು. ಮಕ್ಕಳ ವಿಷಯದಲ್ಲಿ ಒಂದೇ ಒಂದು ನಿಯಮ ಇಟ್ಟುಕೊಳ್ಳುವುದಾದರೆ, ಯೂನಿಫಾರ್ಮಿನಲ್ಲಿ ಫೋಟೊ ಬೇಡ ಎಂಬುದನ್ನು ಇಟ್ಟುಕೊಳ್ಳಿ. ಶಾಲೆಯ ಲಾಂಛನದಿಂದ ಜಾಗವೂ ತಿಳಿಯುತ್ತದೆ, ಬಿಡುವ ಸಮಯವೂ ತಿಳಿಯುತ್ತದೆ, ಎರಡೂ ಒಟ್ಟಿಗೆ.

ಫೋಟೊದ ಒಳಗೇ ಅಡಗಿ ಕೂರುವ ಲೊಕೇಶನ್ ಬಗ್ಗೆ ಅನೇಕರಿಗೆ ಭಯ ಇದೆ. ಭಯ ಸುಳ್ಳಲ್ಲ. 2012ರಲ್ಲಿ ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮ್ಯಾಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂಬುದು ಬಯಲಾದದ್ದು, ಅವರ ಜೊತೆಗಿದ್ದ ಪತ್ರಕರ್ತರು ಪ್ರಕಟಿಸಿದ ಫೋಟೊದಲ್ಲಿ ಅಕ್ಷಾಂಶ-ರೇಖಾಂಶ ಉಳಿದುಬಿಟ್ಟಿದ್ದರಿಂದ. ಆದರೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗೆ ಹಾಕಿದ ಫೋಟೊದಲ್ಲಿ ನೋಡುವವರಿಗೆ ಈ ಮಾಹಿತಿ ಸಿಗುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗಲೂ ಸಿಗುವುದಿಲ್ಲ. ಅಪಾಯ ಇರುವುದು ಕ್ವಾಲಿಟಿ ಕೆಡಬಾರದೆಂದು ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದಾಗ, ಇಮೇಲ್ ಮಾಡಿದಾಗ, ಡ್ರೈವ್ ಲಿಂಕ್ ಕೊಟ್ಟಾಗ. ಫೋನಿನ ಸೆಟ್ಟಿಂಗಿನಲ್ಲಿ ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ತೆಗೆದುಬಿಟ್ಟರೆ ಮುಂದೆ ತೆಗೆಯುವ ಫೋಟೊಗಳ ಚಿಂತೆ ಮುಗಿಯಿತು. ಹಳೆಯದನ್ನು ಗೂಗಲ್ ಫೋಟೋಸ್‌ನಲ್ಲಿ ತೆರೆದು ಮೇಲಕ್ಕೆ ಸರಿಸಿ ನೋಡಿ. ಕೆಳಗೆ ನಕ್ಷೆ ಕಂಡರೆ ಆ ಫೋಟೊ ಎಲ್ಲಿ ತೆಗೆದದ್ದೆಂದು ದಾಖಲಾಗಿರುವ ಸಾಧ್ಯತೆ ಹೆಚ್ಚು. ನನ್ನ ಅಂದಾಜಿನಲ್ಲಿ ಸಾಮಾನ್ಯರ ಮನೆ ಬಯಲಾಗುವುದು ಈ ಅಡಗಿದ ಅಂಕಿಗಳಿಂದ ಕಡಿಮೆ, ಕಣ್ಣಿಗೆ ಕಾಣುವ ಬೋರ್ಡುಗಳಿಂದ ಹೆಚ್ಚು. ಪಾರ್ಸೆಲ್ ಬಿಚ್ಚುವ ವಿಡಿಯೊದಲ್ಲಿ ಡಬ್ಬದ ಮೇಲಿನ ಚೀಟಿಯೂ ಅದೇ ಸಾಲಿಗೆ ಸೇರಿದ್ದು. ಆ ಚೀಟಿಯನ್ನು ಕ್ಯಾಮೆರಾ ಹಚ್ಚುವ ಮೊದಲೇ ಕಿತ್ತು ಹಾಕಿ.

ಈ ಎಲ್ಲದಕ್ಕೂ ಮಿತಿಯಿದೆ. ಪ್ರತಿ ಗೌರಿ-ಗಣೇಶಕ್ಕೆ ತವರಿಗೆ ಹೋಗುವುದು ಬಳಗಕ್ಕೆಲ್ಲ ಗೊತ್ತಿರುವಾಗ ಪೋಸ್ಟ್ ಮುಂದೂಡಿ ಪ್ರಯೋಜನವಿಲ್ಲ, ಮನೆಯಲ್ಲಿ ಯಾರನ್ನಾದರೂ ಮಲಗಿಸಬೇಕು. ಆಗಲೇ ಹಾಕಿರುವುದನ್ನು ಪೂರ್ತಿ ಹಿಂದಕ್ಕೆ ಪಡೆಯಲೂ ಆಗದು, ಯಾರೋ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಬಹುದು. ಹಾಗೆಂದು ಕೈಬಿಡಬೇಕಿಲ್ಲ. ಹಳೆಯ ಪೋಸ್ಟನ್ನು ಅಳಿಸದೆಯೇ ಎಡಿಟ್‌ಗೆ ಹೋಗಿ ಲೊಕೇಶನ್ ಮಾತ್ರ ತೆಗೆಯಬಹುದು. ಮನೆಯ ಸುತ್ತಮುತ್ತಲಿನವು, ಮಕ್ಕಳ ಶಾಲೆಯವು, ಮತದಾನದ ದಿನದವು: ಈ ಮೂರನ್ನು ಮೊದಲು ನೋಡಿ.

ಯಾರಾದರೂ ನಿಜವಾಗಿಯೂ ಬೆನ್ನು ಹತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಮಹಿಳೆಯನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಹಿಂಬಾಲಿಸುವ, ಅವರ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವ ಪುರುಷನಿಗೆ ಮೊದಲ ಸಲ ಮೂರು ವರ್ಷದವರೆಗೆ ಸಜೆ. ತುರ್ತಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲದಿದ್ದರೆ cybercrime.gov.in ನಲ್ಲಿ ದೂರು ಕೊಡಬಹುದು. ಆದರೆ ನಾವೇ ಹೊರಹಾಕಿದ ವಿವರವನ್ನು ಯಾರೋ ಸಂಗ್ರಹಿಸಿಟ್ಟುಕೊಂಡರು ಎಂಬುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ರಕ್ಷಣೆ ಸಿಗುವುದಿಲ್ಲ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ ಮೂರನೇ ಕಲಮಿನಲ್ಲೇ ಬರೆದಿದೆ. ಉದಾಹರಣೆಯಾಗಿ ಅಲ್ಲಿ ಕೊಟ್ಟಿರುವುದು, ಸೋಷಿಯಲ್ ಮೀಡಿಯಾದಲ್ಲಿ ತನ್ನ ವಿವರ ಹಾಕಿಕೊಂಡ ಒಬ್ಬ ವ್ಯಕ್ತಿಯನ್ನೇ.